ಚಿಕನ್ ಸಪ್ಲೈಯರ್‌ಗೆ ಅಂಕ ಹಾಕುವ ಹಾಳೆ: ನಮ್ಮ ಕ್ಲೌಡ್ ಕಿಚನ್‌ನಲ್ಲಿ ಮಾಡಿಕೊಂಡ ಬಗೆ

ಬೆಂಗಳೂರಿನಲ್ಲಿ ಬಿರಿಯಾನಿ ಮಾಡುವ ಕ್ಲೌಡ್ ಕಿಚನ್‌ಗೆ ಚಿಕನ್ ಬೆಳಿಗ್ಗೆ ಏಳರೊಳಗೆ ಬರಬೇಕು. ತೊಳೆದು, ಮಸಾಲೆ ಹಚ್ಚಿ, ನಾಲ್ಕು ಗಂಟೆ ನೆನೆಸಿದರಷ್ಟೇ ಮಧ್ಯಾಹ್ನದ ಆರ್ಡರ್‌ಗಳಿಗೆ ಸಿಗುತ್ತದೆ. ಎಂಟಕ್ಕೆ ಬಂದ ಮಾಲು ಎಷ್ಟೇ ತಾಜಾ ಇದ್ದರೂ ಆ ಹೊತ್ತಿನ ಊಟಕ್ಕೆ ಉಪಯೋಗವಿಲ್ಲ. ಹಾಗಾಗಿ ‘ಸಮಯಕ್ಕೆ ಬಂತು’ ಎಂದರೆ ನಮ್ಮ ಹಾಳೆಯಲ್ಲಿ ಆರೂವರೆಯಿಂದ ಏಳರ ಒಳಗೆ ಎಂದೇ ಅರ್ಥ. ಗಾಡಿ ಗೇಟಿಗೆ ಬಂದ ಹೊತ್ತನ್ನು ಬರೆಯುತ್ತೇವೆ. ಲಿಫ್ಟ್‌ಗೆ ಕಾದು ತಡವಾದರೆ ಅದು ಸಪ್ಲೈಯರ್ ತಪ್ಪಲ್ಲ.

ಅಂಕಕ್ಕೆ ಮೊದಲು ಒಂದು ಬಾಗಿಲಿದೆ. ಸಪ್ಲೈಯರ್‌ನ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಆಹಾರ ಸುರಕ್ಷತಾ ಲೈಸೆನ್ಸ್ ಕೊಡುವ ಆ ಸಂಸ್ಥೆಯ ಫಾಸ್ಕಾಸ್ ಪೋರ್ಟಲ್‌ನಲ್ಲಿ ಹಾಕಿ ನೋಡುತ್ತೇವೆ. ಲೈಸೆನ್ಸ್ ಜೀವಂತವಾಗಿದೆಯೇ ಎಂಬುದರ ಜೊತೆಗೆ ಅದರಲ್ಲಿರುವ ವಿಳಾಸವನ್ನೂ ನೋಡಬೇಕು. ಆಫೀಸಿನ ವಿಳಾಸಕ್ಕೆ ಲೈಸೆನ್ಸ್ ಇದ್ದು, ಕೋಳಿ ಕತ್ತರಿಸುವುದು ಬೇರೆಲ್ಲೋ ಆಗಿದ್ದರೆ ನಾವು ನೋಡಿದ್ದು ಬರೀ ಕಾಗದ. ಈ ಬಾಗಿಲು ದಾಟದವರಿಗೆ ಬೆಲೆ ಎಷ್ಟೇ ಕಮ್ಮಿ ಇದ್ದರೂ ಅಂಕವೇ ಇಲ್ಲ.

ಆಮೇಲೆ ನೂರು ಅಂಕ: ಗುಣಮಟ್ಟಕ್ಕೆ 40, ಸಮಯ ಮತ್ತು ಪ್ರಮಾಣಕ್ಕೆ 35, ತಿರಸ್ಕರಿಸಿದಾಗ ನಡೆದುಕೊಳ್ಳುವ ರೀತಿಗೆ 15, ಬೆಲೆಗೆ 10. ಬೆಲೆಗೆ ಇಷ್ಟೇ ಇಟ್ಟಿದ್ದು ಬೇಕೆಂದೇ. ಹೆಚ್ಚು ಕೊಟ್ಟರೆ ಅಗ್ಗದವನು ತಣ್ಣಗಿಲ್ಲದ ಮಾಲು ತಂದರೂ ಮೇಲೆ ಬಂದುಬಿಡುತ್ತಾನೆ.

ಗುಣಮಟ್ಟವನ್ನು ‘ಚೆನ್ನಾಗಿದೆ’ ಎಂದು ಬರೆಯಲು ಬಿಟ್ಟರೆ ಹುಡುಗರು ದಿನಾ ಐದಕ್ಕೆ ಐದು ಹಾಕುತ್ತಾರೆ. ಅಂಕ ಕೇಳಬಾರದು, ಅಳತೆ ಕೇಳಬೇಕು. ಪ್ರೋಬ್ ಥರ್ಮಾಮೀಟರನ್ನು ಕ್ರೇಟಿನ ತಳದ ಎರಡು ಪ್ಯಾಕೆಟ್‌ಗಳ ಮಧ್ಯೆ ಒತ್ತಿ ಹಿಡಿದು, ಅಂಕಿ ನಿಂತ ಮೇಲೆ ಬರೆದುಕೊಳ್ಳುತ್ತೇವೆ. ಐಸ್ ಮೇಲೆ ಮಾತ್ರ ಸುರಿದಿರುತ್ತಾರೆ. ಮೇಲಿನ ಪ್ಯಾಕೆಟ್ 3 ಡಿಗ್ರಿ ತೋರಿಸುವಾಗ ಕೆಳಗಿನದು 9 ಇರಬಹುದು. 5 ಡಿಗ್ರಿಯೊಳಗಿದ್ದರೆ ಪೂರ್ತಿ ಅಂಕ, ಅದಕ್ಕಿಂತ ಹೆಚ್ಚಾದರೆ ಆ ದಿನ ಸೊನ್ನೆ, 8 ದಾಟಿದರೆ ಮಾಲು ವಾಪಸ್. ವಾರಕ್ಕೊಮ್ಮೆ ಥರ್ಮಾಮೀಟರನ್ನು ಐಸ್ ತುಂಬಿದ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ನೋಡದಿದ್ದರೆ ಈ ಲೆಕ್ಕವೆಲ್ಲ ಗಾಳಿಗೋಪುರ.

ಇನ್ನೊಂದು ಅಳತೆ ತೂಕ. ಮಾಲನ್ನು ಜಾಲರಿ ಟ್ರೇಗೆ ಸುರಿದು, ಹತ್ತು ನಿಮಿಷ ನೀರು ಬಸಿಯಲು ಬಿಟ್ಟು ತೂಗುತ್ತೇವೆ. ಉದಾಹರಣೆಗೆ, ಒಬ್ಬ ಕಿಲೋಗೆ 210 ರೂಪಾಯಿಯಂತೆ 20 ಕಿಲೋಗೆ 4,200ರ ಬಿಲ್ ಕೊಟ್ಟ. ಬಸಿದ ಮೇಲೆ ಉಳಿದದ್ದು 18.6 ಕಿಲೋ, ಅಂದರೆ ಕಿಲೋಗೆ ಸುಮಾರು 226. ಇನ್ನೊಬ್ಬನದು 222 ರೂಪಾಯಿ, ಬಸಿದ ಮೇಲೆ 19.7 ಕಿಲೋ, ಅಂದರೆ ಸುಮಾರು 225. ಹನ್ನೆರಡು ರೂಪಾಯಿಯ ಅಂತರ ನೀರಿನಲ್ಲೇ ಹೋಯಿತು. ಬೆಲೆಯ ಅಂಕ ಹಾಕುವುದು ಈ ಬಸಿದ ತೂಕದ ಮೇಲೆ.

ಡೆಲಿವರಿಯಲ್ಲಿ ಸರಾಸರಿ ಮೋಸ ಮಾಡುತ್ತದೆ. ಸಮಯವೂ ಪ್ರಮಾಣವೂ ಎರಡೂ ಸರಿಯಿದ್ದರೆ 1, ಇಲ್ಲದಿದ್ದರೆ 0. ಲೆಕ್ಕದಲ್ಲಿ ಶನಿವಾರ, ಭಾನುವಾರಕ್ಕೆ ಮಹತ್ವ 2, ಉಳಿದ ದಿನಕ್ಕೆ 1. ಸಿ ಕಾಲಮ್‌ನಲ್ಲಿ ಈ ಮಹತ್ವ, ಡಿ ಕಾಲಮ್‌ನಲ್ಲಿ ಫಲಿತಾಂಶ:

```
=35*SUMPRODUCT(C2:C27,D2:D27)/SUM(C2:C27)
```

ತಿಂಗಳಿಗೆ 26 ಲೋಡ್, ಅದರಲ್ಲಿ 8 ವಾರಾಂತ್ಯದವು ಎಂದುಕೊಳ್ಳಿ. ಮೊದಲಿನವನು ಆರು ಸಲ ತಪ್ಪಿದ, ಅದರಲ್ಲಿ ಐದು ವಾರಾಂತ್ಯದಲ್ಲಿ. ಸಾದಾ ಲೆಕ್ಕದಲ್ಲಿ 77 ಶೇಕಡಾ, ಈ ಮಹತ್ವ ಸೇರಿಸಿದರೆ 68ಕ್ಕೆ ಇಳಿಯುತ್ತದೆ, 35ಕ್ಕೆ 23.7. ಎರಡನೆಯವನು ವಾರದ ದಿನಗಳಲ್ಲಿ ಎರಡು ಸಲ ತಪ್ಪಿದ, ಅವನಿಗೆ 32.9. ಬೇಡಿಕೆ ಏರಿದಾಗ ದೊಡ್ಡ ಹೋಟೆಲಿಗೆ ಮೊದಲು ಇಳಿಸಿ ನಮಗೆ ಉಳಿದದ್ದನ್ನು ತರುವ ಚಾಳಿ ಇಲ್ಲಿ ಸಿಕ್ಕಿಬೀಳುತ್ತದೆ.

ತಿರಸ್ಕರಿಸಿದ ದಿನ ಎರಡು ಗಂಟೆಯೊಳಗೆ ಬದಲಿ ಮಾಲು ಬಂದರೆ ಪೂರ್ತಿ 15, ಬರೀ ಕ್ರೆಡಿಟ್ ನೋಟ್ ಬಂದರೆ 7, ವಾದ ಮಾಡಿದರೆ ಸೊನ್ನೆ. ತಿಂಗಳಲ್ಲಿ ತಿರಸ್ಕಾರವೇ ಇಲ್ಲದಿದ್ದರೆ ಈ 15 ಬಿಟ್ಟು ಉಳಿದ 85ನ್ನು ನೂರಕ್ಕೆ ಏರಿಸುತ್ತೇವೆ.

ಹೊಸಬರ ಸ್ಯಾಂಪಲ್‌ಗೆ ನಾವು ಅಂಕ ಕೊಡುವುದಿಲ್ಲ, ಸ್ಯಾಂಪಲ್ ಯಾವಾಗಲೂ ಆರಿಸಿ ತಂದದ್ದೇ. ನಾಲ್ಕು ವಾರ ಒಟ್ಟು ಆರ್ಡರಿನ ಕಾಲು ಭಾಗ ಕೊಟ್ಟು ನೋಡುತ್ತೇವೆ. ಆ ಅವಧಿಯಲ್ಲಿ ಒಂದು ಶುಕ್ರವಾರ ಸಂಜೆ ಮರುದಿನಕ್ಕೆ ಒಂದೂವರೆ ಪಟ್ಟು ಕೇಳುತ್ತೇವೆ. ಆಗುವುದಿಲ್ಲ ಎಂದು ರಾತ್ರಿಯೇ ಹೇಳಿದವನ ಅಂಕ ಕಡಿಯುವುದಿಲ್ಲ, ಬೇರೆ ಕಡೆ ತರಿಸಿಕೊಳ್ಳಲು ನಮಗೆ ಸಮಯವಿರುತ್ತದೆ. ಹೂಂ ಎಂದು ಬೆಳಿಗ್ಗೆ ಅರ್ಧ ಇಳಿಸಿದವನಿಗೆ ಆ ದಿನ ಸೊನ್ನೆ. 80 ದಾಟಿದವರಿಗೆ ಆರ್ಡರಿನ ಮುಕ್ಕಾಲು ಪಾಲು, 65ರಿಂದ 80ರವರಿಗೆ ಕಾಲು, ಅದಕ್ಕೂ ಕೆಳಗಿದ್ದರೆ ಮುಂದಿನ ತಿಂಗಳು ಆರ್ಡರ್ ಇಲ್ಲ. ಈ ಹಾಳೆಯ ಪ್ರತಿಯನ್ನು ತಿಂಗಳ ಕೊನೆಗೆ ಸಪ್ಲೈಯರ್‌ಗೂ ಕೊಡುತ್ತೇವೆ. ತಾರೀಖು, ಗಂಟೆ, ಡಿಗ್ರಿ ಎಲ್ಲ ಅದರಲ್ಲೇ ಇರುವುದರಿಂದ ಬಿಲ್ ಕಡಿತದ ಮಾತು ಬೇಗ ಮುಗಿಯುತ್ತದೆ.