ಇಂದಿನ ವಿಶೇಷ: ಫೋಟೊ ಕಿಟಕಿಯ ಬಳಿ, ಪೋಸ್ಟ್ ಹಸಿವಿಗೆ ಮುನ್ನ

ಸಣ್ಣ ಹೋಟೆಲುಗಳು ಹಾಕುವ ‘ಇಂದಿನ ವಿಶೇಷ’ದ ಫೋಟೊಗಳು ಬಹುತೇಕ ಒಂದೇ ರೀತಿಯಲ್ಲಿ ಕೆಡುತ್ತವೆ. ಅಡುಗೆ ಕಟ್ಟೆಯ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಸೂಪ್ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಎಣ್ಣೆಯ ಪಸೆ ಬಿಳಿ ಚುಕ್ಕೆಗಳಾಗಿ ಹೊಳೆಯುತ್ತಿರುತ್ತದೆ. ದುಬಾರಿ ಮೊಬೈಲ್ ಕೊಂಡರೂ ಇದು ಸರಿಹೋಗದು. ಬೆಳಕನ್ನು ಸರಿಮಾಡಿಕೊಳ್ಳಬೇಕು.

ಮೊದಲು ಮೊಬೈಲಿನ ಲೆನ್ಸನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಅಡುಗೆಮನೆಯಲ್ಲಿರುವ ಮೊಬೈಲಿಗೆ ಜಿಡ್ಡು ಅಂಟಿಯೇ ಇರುತ್ತದೆ; ಚಿತ್ರ ಮಂಜು ಮಂಜಾಗಲು ಅದೊಂದೇ ಸಾಕು.

ಎರಡನೆಯದು ಬೆಳಕು, ಎಲ್ಲರೂ ಎಡವುವುದು ಇಲ್ಲಿಯೇ. ನೇರ ಬಿಸಿಲು ಬೀಳದ ಒಂದು ಕಿಟಕಿಯನ್ನೋ ಬಾಗಿಲನ್ನೋ ಹುಡುಕಿ, ಅದರ ಪಕ್ಕಕ್ಕೆ ಮೇಜನ್ನು ಎಳೆದುಕೊಳ್ಳಿ. ಬಿಸಿಲು ಒಳಗೆ ಬರುತ್ತಿದ್ದರೆ ತೆಳುವಾದ ಬಿಳಿ ಬಟ್ಟೆಯನ್ನು ಅಡ್ಡ ಕಟ್ಟಿ. ಆಮೇಲೆ ಆ ಜಾಗದ ದೀಪಗಳನ್ನೆಲ್ಲ ಆರಿಸಿ. ಕತ್ತಲಾಗುತ್ತದೆ ಎಂದು ಹೆದರಿ ಹೆಚ್ಚಿನವರು ಈ ಮಾತನ್ನು ಕೇಳುವುದಿಲ್ಲ. ಆದರೆ ಹಗಲಿನ ಬೆಳಕಿನ ಬಣ್ಣ ಬೇರೆ, ಬಲ್ಬಿನ ಬಣ್ಣ ಬೇರೆ. ಎರಡೂ ಬೆರೆತಾಗ ಕ್ಯಾಮೆರಾ ಯಾವುದನ್ನು ಬಿಳಿ ಎಂದು ಹಿಡಿಯಬೇಕೆಂದು ತಿಳಿಯದೆ ತಟ್ಟೆಯ ಒಂದು ಬದಿಯನ್ನು ಹಳದಿಯಾಗಿಯೂ ಇನ್ನೊಂದನ್ನು ನೀಲಿಯಾಗಿಯೂ ತೋರಿಸುತ್ತದೆ. ಬಿಳಿ ತಟ್ಟೆಯ ಅಂಚನ್ನು ನೋಡಿದರೆ ಈ ದೋಷ ತಕ್ಷಣ ಗೊತ್ತಾಗುತ್ತದೆ.

ಒಂದು ಬಟ್ಟಲು ತರಕಾರಿ ಸೂಪನ್ನೇ ತೆಗೆದುಕೊಳ್ಳೋಣ. ಕಿಟಕಿ ಬಟ್ಟಲಿನ ಎಡಕ್ಕೆ, ತುಸು ಹಿಂದಕ್ಕೆ ಇರಲಿ. ಹಿಂಬದಿಯಿಂದ ಓರೆಯಾಗಿ ಬಂದ ಬೆಳಕು ಸೂಪಿನ ಮೇಲ್ಮೈಗೆ ಹೊಳಪು ಕೊಡುತ್ತದೆ, ತರಕಾರಿ ಹೋಳುಗಳಿಗೆ ನೆರಳು ಕೊಟ್ಟು ಎತ್ತಿ ತೋರಿಸುತ್ತದೆ. ಬಲಬದಿ ಕಪ್ಪಾಗಿ ಕಂಡರೆ ಅಲ್ಲಿ ಬಿಳಿ ಥರ್ಮಾಕೋಲ್ ಹಾಳೆಯೊಂದನ್ನು ನಿಲ್ಲಿಸಿ. ಅದು ಕಿಟಕಿಯ ಬೆಳಕನ್ನೇ ಹಿಂದಿರುಗಿಸುತ್ತದೆ. ಹಬೆ ಕಾಣಬೇಕಾದರೆ ಹಿನ್ನೆಲೆಯಲ್ಲಿ ಗಾಢ ಬಣ್ಣದ ಬಟ್ಟೆಯೋ ಹಲಗೆಯೋ ಇರಬೇಕು. ಬಿಳಿ ಗೋಡೆಯ ಮುಂದೆ ಹಬೆ ಕಾಣುವುದೇ ಇಲ್ಲ.

ರಿಂಗ್ ಲೈಟ್ ಕೊಳ್ಳಬೇಡಿ. ಅದು ಮುಖಕ್ಕೆಂದು ಮಾಡಿದ ಸಾಮಾನು. ಸೂಪಿನ ಮೇಲೆ, ಸ್ಟೀಲ್ ಬಟ್ಟಲಿನ ಮೇಲೆ ಬಿಳಿ ಬಳೆಯಂತೆ ಪ್ರತಿಫಲಿಸುತ್ತದೆ. ರಾತ್ರಿ ಊಟದ ವಿಶೇಷವಾದರೆ ಒಂದು ತಟ್ಟೆಯಷ್ಟನ್ನು ಹಗಲಿನಲ್ಲಿಯೇ ಮಾಡಿ ಫೋಟೊ ತೆಗೆದಿಟ್ಟುಕೊಳ್ಳುವುದು ಲೇಸು. ಅಂತರ್ಜಾಲದಿಂದ ಬೇರೆಯವರ ಚಿತ್ರ ಎತ್ತಿ ಹಾಕುವ ಅಡ್ಡದಾರಿ ಮಾತ್ರ ಬೇಡ. ಚಿತ್ರ ಅವರ ಸ್ವತ್ತು ಎಂಬುದು ಒಂದು. ಬಂದ ಗಿರಾಕಿ ಮೊಬೈಲನ್ನೂ ತಟ್ಟೆಯನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡುತ್ತಾನೆ ಎಂಬುದು ಇನ್ನೊಂದು.

ಕೋನ ಸುಲಭ: ಚಪ್ಪಟೆ ತಟ್ಟೆಗೆ ನೇರ ಮೇಲಿನಿಂದ, ಎತ್ತರದ ಲೋಟಕ್ಕೆ ಅದರ ಮಟ್ಟದಿಂದ, ಬಟ್ಟಲಿಗೆ ಕುಳಿತು ಉಣ್ಣುವವನ ಕಣ್ಣಿನಿಂದ. ತೀರ ಹತ್ತಿರ ಹೋದರೆ ಬಟ್ಟಲು ಸೊಟ್ಟಗಾಗುತ್ತದೆ, ಆದ್ದರಿಂದ ಒಂದು ಹೆಜ್ಜೆ ಹಿಂದೆ ಸರಿದು 2x ಒತ್ತಿ. ಪರದೆಯ ಮೇಲೆ ಆಹಾರವನ್ನು ಮುಟ್ಟಿ ಫೋಕಸ್ ಮಾಡಿ, ಬಿಳಿ ಭಾಗ ಸುಟ್ಟಂತೆ ಕಂಡರೆ ಹೊಳಪನ್ನು ತುಸು ಇಳಿಸಿ. ಪೋರ್ಟ್ರೇಟ್ ಮೋಡ್ ಬಟ್ಟಲಿನ ಅಂಚನ್ನೇ ಕಚ್ಚಿ ಮಸುಕಾಗಿಸುತ್ತದೆ, ನಾನಂತೂ ಮುಟ್ಟುವುದಿಲ್ಲ. ಫಿಲ್ಟರುಗಳೂ ಬೇಡ.

ಇನ್ನು ಬರಹ. ಇನ್‌ಸ್ಟಾಗ್ರಾಂನಲ್ಲಿ ಬರಹದ ಆರಂಭ ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರಷ್ಟೇ ತೆರೆಯುತ್ತದೆ. ಹಾಗಾಗಿ ‘ಪ್ರೀತಿಯ ಗ್ರಾಹಕರೇ, ಶುಭೋದಯ’ ಎಂದು ಆ ಜಾಗವನ್ನು ಹಾಳುಮಾಡಬೇಡಿ. ಹೀಗೆ ಬರೆಯಿರಿ: ‘ಇಂದು ಮಧ್ಯಾಹ್ನ 12ರಿಂದ 3: ತರಕಾರಿ ಸೂಪ್, ಜೊತೆಗೆ ಬೆಣ್ಣೆ ಸವರಿದ ಬ್ರೆಡ್. 40 ಬಟ್ಟಲು ಮಾತ್ರ.’ ಬೆನ್ನಿಗೇ ಬೆಲೆ, ಆಮೇಲೆ ಜಾಗ. ‘ಬೆಲೆಗೆ ಮೆಸೇಜ್ ಮಾಡಿ’ ಎಂದರೆ ಹೆಚ್ಚಿನವರು ಮೆಸೇಜ್ ಮಾಡುವುದಿಲ್ಲ, ಮುಂದಿನ ಚಿತ್ರಕ್ಕೆ ಹೋಗುತ್ತಾರೆ.

ಮಧ್ಯಾಹ್ನದ ಊಟಕ್ಕೆ ಪೋಸ್ಟ್ ಹನ್ನೊಂದರ ಸುಮಾರಿಗೆ ಹೋಗಲಿ, ಎಲ್ಲಿ ಉಣ್ಣುವುದೆಂಬ ಯೋಚನೆ ಶುರುವಾಗುವ ಮುನ್ನ. ದಿನದ ವಿಶೇಷಕ್ಕೆ ಸ್ಟೋರಿ ಅಥವಾ ವಾಟ್ಸ್‌ಆ್ಯಪ್ ಸ್ಟೇಟಸ್ ಹೆಚ್ಚು ಹೊಂದುತ್ತದೆ, ಎರಡೂ 24 ಗಂಟೆಗಳಲ್ಲಿ ತಾವಾಗಿಯೇ ಮರೆಯಾಗುತ್ತವೆ. ಇವಕ್ಕೆ ಫೋಟೊ ನಿಲುವಾಗಿರಬೇಕು. ಮೇಲ್ತುದಿ ಕೆಳತುದಿಗಳಲ್ಲಿ ಅಕ್ಷರ ಬರೆದರೆ ಆ್ಯಪ್‌ನ ಗುಂಡಿಗಳಡಿ ಮುಚ್ಚಿಹೋಗುತ್ತದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಕಳುಹಿಸುವವರು ಒಂದು ವಿಷಯ ತಿಳಿದಿರಲಿ: ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಬಿಲ್ ಕೊಡುವಾಗಲೇ ನಂಬರ್ ಉಳಿಸಿಕೊಳ್ಳಲು ಹೇಳಿ.

ಸೂಪ್ ಎರಡು ಗಂಟೆಗೇ ಖಾಲಿಯಾದರೆ ಕೂಡಲೇ ‘ಇಂದಿನದು ಮುಗಿಯಿತು’ ಎಂದು ಇನ್ನೊಂದು ಸ್ಟೋರಿ ಹಾಕಿ. ಪುಟದಲ್ಲಿಯೇ ಉಳಿಯುವ ಪೋಸ್ಟ್ ಮಾಡಿದ್ದರೆ ಅದರಲ್ಲಿ ‘ಇಂದು’ ಎಂಬುದರ ಪಕ್ಕ ತಾರೀಕನ್ನೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವಾರವೂ ಆ ಚಿತ್ರ ನೋಡಿಕೊಂಡು ಸೂಪ್ ಕೇಳುವವರು ಬರುತ್ತಾರೆ.