ಡ್ರೋನ್ ಟೆಕ್ನೀಷಿಯನ್ ಕೆಲಸದ ಕವರ್ ಲೆಟರ್‌ನಲ್ಲಿ ಏನು ಬರೆಯಬೇಕು?

ರೋಬೋಟಿಕ್ಸ್ ಡಿಪ್ಲೊಮಾ ಮುಗಿಸಿ ಕೃಷಿ ಕಂಪನಿಗೆ ಅರ್ಜಿ ಹಾಕುತ್ತಿದ್ದೀರಾ? ಸೆನ್ಸರ್, ಪ್ರೋಗ್ರಾಮಿಂಗ್ ಅಂತ ಪಟ್ಟಿ ಕೊಡಬೇಡಿ. ಅದು ರೆಸ್ಯೂಮೆಯಲ್ಲೇ ಇರುತ್ತದೆ, ಅಲ್ವಾ? ಪತ್ರದಲ್ಲಿ ನೀವೇ ಹುಡುಕಿ ಸರಿಮಾಡಿದ ಒಂದು ದೋಷ ಬರೆಯಿರಿ. ಉದಾಹರಣೆಗೆ:

“ಪ್ರಾಜೆಕ್ಟ್‌ಗೆ ಕಟ್ಟಿದ ಡ್ರೋನ್ ಹಾರುವಾಗ ನಡುಗುತ್ತಿತ್ತು. ಲಾಗ್‌ನಲ್ಲಿ ವೈಬ್ರೇಶನ್ ಜಾಸ್ತಿ ಕಂಡಿತು. ಪ್ರೊಪೆಲ್ಲರ್‌ಗಳನ್ನು ಬಿಚ್ಚಿ ಮೋಟರ್‌ಗಳನ್ನು ಒಂದೊಂದಾಗಿ ಓಡಿಸಿದೆ. ಅವು ಸರಿಯಿದ್ದವು. ಬ್ಯಾಲೆನ್ಸರ್‌ನಲ್ಲಿಟ್ಟಾಗ ಒಂದು ಪ್ರೊಪೆಲ್ಲರ್ ಒಂದೇ ಕಡೆ ವಾಲಿತು. ಅದನ್ನು ಬದಲಿಸಿ, ಮತ್ತೆ ಹಾರಿಸಿ, ಎರಡೂ ಲಾಗ್ ಹೋಲಿಸಿದೆ.”

ಕೊನೆಯ ವಾಕ್ಯ ಬಿಡಬೇಡಿ. ರಿಪೇರಿ ಆದ ಮೇಲೆ ಪರೀಕ್ಷಿಸುವ ಅಭ್ಯಾಸ ನಿಮಗಿದೆ ಅಂತ ತೋರಿಸುವುದು ಅದೇ.

ಆಮೇಲೆ ಹೊಲದ ಕೆಲಸಕ್ಕೆ ಬನ್ನಿ. ಸಿಂಪಡಣೆ ಡ್ರೋನ್‌ನಲ್ಲಿ ಔಷಧಿ ಒಣಗಿ ನಾಜಲ್ ಕಟ್ಟಿಕೊಳ್ಳುತ್ತದೆ. ಆಗ ಬೆಳೆಗೆ ಔಷಧಿ ಸಮನಾಗಿ ಬೀಳುವುದಿಲ್ಲ. ಪ್ರತಿ ನಾಜಲ್‌ನಿಂದ ಒಂದು ನಿಮಿಷ ಬರುವ ನೀರನ್ನು ಅಳತೆ ಜಾಡಿಯಲ್ಲಿ ಹಿಡಿದು ಹೋಲಿಸಿದರೆ ಯಾವುದು ಕಟ್ಟಿದೆ ಎಂದು ಗೊತ್ತಾಗುತ್ತದೆ. ಇದನ್ನು ಮಾಡಿದ್ದರೆ ಎರಡು ಸಾಲು ಬರೆಯಿರಿ. ಮಾಡಿಲ್ಲದಿದ್ದರೆ ಸುಮ್ನೆ “ಅನುಭವವಿದೆ” ಅನ್ನಬೇಡಿ, “ವಿಧಾನ ಗೊತ್ತು, ಕೈಯಾರೆ ಕಲಿಯಬೇಕು” ಅನ್ನಿ. ಸಂದರ್ಶನದಲ್ಲಿ ನಾಜಲ್ ಕೈಗೆ ಕೊಟ್ಟು ಬಿಚ್ಚಿ ಅನ್ನಲೂಬಹುದು!