11 ತಾಲ್ಲೂಕಿನ ಫೋಲ್ಡರು 14 ಆದದ್ದು ಹೇಗೆ: ಕನ್ನಡ ಫೈಲ್ ಹೆಸರು ಜೋಡಿಯಾದಾಗ ನಾನು ಮಾಡಿದ್ದು

ಕಲಬುರಗಿ ಜಿಲ್ಲೆಯಲ್ಲಿ 11 ತಾಲ್ಲೂಕುಗಳಿವೆ. ನಮ್ಮ ಡಿಟಿಪಿ ಕೇಂದ್ರದಲ್ಲಿ ಶಾಸನದ ಸ್ಕ್ಯಾನು, ಹಳೆಯ ಫೋಟೊ, ಊರಿನ ಇತಿಹಾಸದ ಬರಹ ಎಲ್ಲವನ್ನೂ ತಾಲ್ಲೂಕಿಗೊಂದು ಫೋಲ್ಡರಿನಲ್ಲಿ, ಕನ್ನಡ ಹೆಸರಿಟ್ಟೇ ಕಾಪಾಡುತ್ತೇವೆ. ಟೈಪಿಂಗ್ ನಡೆಯುವುದು ವಿಂಡೋಸ್‌ನಲ್ಲಿ, ಪುಟ ವಿನ್ಯಾಸ ಮಾಡುವವರದು ಮ್ಯಾಕ್, ಎಲ್ಲದರ ಪ್ರತಿ ಕೂಡುವುದು ಮೂಲೆಯಲ್ಲಿರುವ ಒಂದು ಲಿನಕ್ಸ್ ಯಂತ್ರದಲ್ಲಿ. ಮ್ಯಾಕ್ ಸಿಂಕ್‌ಗೆ ಸೇರಿದ ಮೇಲೆ ವಿಂಡೋಸ್‌ನಲ್ಲಿ 11 ಫೋಲ್ಡರು ಇದ್ದದ್ದು 14 ಆದವು. ಟೈಪಿಂಗ್ ಹುಡುಗ ಕೇಳಿದ: "ಸರ, ಸೇಡಂ ಎರಡೆರಡ ಕಾಣ್ಲತ್ತದ. ಒಂದ್ ಡಿಲೀಟ್ ಮಾಡ್ಲೇನ್ರಿ?"

"ಬ್ಯಾಡೋ ತಮ್ಮ, ಏನೂ ಮುಟ್ಟಬ್ಯಾಡ. ಮೊದ್ಲ ಎಲ್ಲಾ ಕಡಿ ಸಿಂಕ್ ಬಂದ್ ಮಾಡು" ಅಂದೆ.

ಜೋಡಿಯಾದದ್ದು ಸೇಡಂ, ಜೇವರ್ಗಿ, ಚಿಂಚೋಳಿ. ಆಗದೆ ಉಳಿದದ್ದು ಕಲಬುರಗಿ, ಆಳಂದ, ಅಫಜಲಪುರ, ಚಿತ್ತಾಪುರ, ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ. ರೋಗದ ಗುರುತು ಈ ಪಟ್ಟಿಯಲ್ಲೇ ಇದೆ. ಜೋಡಿಯಾದ ಮೂರರಲ್ಲಿ ಏತ್ವ ಅಥವಾ ಓತ್ವ ಇದೆ, ಉಳಿದ ಎಂಟರಲ್ಲಿ ಒಂದರಲ್ಲೂ ಇಲ್ಲ. ಸಿಂಕ್ ತಂತ್ರಾಂಶ ಕೆಟ್ಟು ಪ್ರತಿಗಳನ್ನು ಹುಟ್ಟಿಸುತ್ತಿದ್ದರೆ ಆಳಂದವೂ ಎರಡಾಗಬೇಕಿತ್ತು. ಕಾಗುಣಿತದ ಕೆಲವೇ ಚಿಹ್ನೆಗಳನ್ನು ಆರಿಸಿಕೊಂಡು ಹೊಡೆಯುತ್ತಿದೆ ಅಂದರೆ ತೊಂದರೆ ಅಕ್ಷರವನ್ನು ಬರೆದಿಡುವ ಕ್ರಮದಲ್ಲಿದೆ.

ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು, ಎರಡೂ ಸರಿಯೇ. ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ ಇವೇ ಆ ಐದು. ಏತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಇಲ್ಲವೇ ಎತ್ವ ಒಂದು, ದೀರ್ಘದ ಗುರುತು ಇನ್ನೊಂದು ಎಂದು ಬಿಡಿಸಿಯೂ ಇಡಬಹುದು. ಓತ್ವವಂತೂ ಮೂರು ತುಂಡಾಗುತ್ತದೆ: ಎತ್ವ, ಕೊಂಬಿನ ಇಳಿ, ದೀರ್ಘ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ ಎನ್ನುತ್ತಾರೆ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ. ಇಳಿ, ಗುಡಿಸು, ಕೊಂಬು, ಔತ್ವಗಳಿಗೆ ಹೀಗೆ ಬಿಡಿಸಿದ ರೂಪವೇ ಇಲ್ಲ, ಹಾಗಾಗಿ ಆಳಂದ, ಕಾಳಗಿ ಪಾರಾದವು. ಬೀದರ ಜಿಲ್ಲೆಯ ಕೆಲಸ ಮಾಡುವವರಿಗೆ ಜಿಲ್ಲೆಯ ಹೆಸರಿನಲ್ಲೇ ಗುಡಿಸಿನ ದೀರ್ಘ ಬರುತ್ತದೆ. ಯಾದಗಿರಿಯವರಿಗೆ ಆ ಕಾಟವಿಲ್ಲ. ಗಡಿಯಾಚೆಯ ತೆಲುಗಿನಲ್ಲಿ ಐತ್ವ ಒಂದೇ ಹೀಗೆ ಒಡೆಯುವುದು, ಆದರೆ ಹೈದರಾಬಾದ್ ಎಂದು ಬರೆದರೆ ಅದೇ ಮೊದಲು ಬರುತ್ತದೆ.

ಕಣ್ಣಿಗೆ ಎರಡೂ ಒಂದೇ. ಒಳಗಿನ ಬೈಟುಗಳನ್ನು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಲಿನಕ್ಸ್ ಯಂತ್ರದಲ್ಲಿ ಸೇಡಂ ಎಂಬ ಎರಡು ಹೆಸರುಗಳು ಹೀಗಿದ್ದವು:

```
e0b2b8 e0b387        e0b2a1 e0b282
e0b2b8 e0b386 e0b395 e0b2a1 e0b282
```

ಮೊದಲ ಸಾಲು ವಿಂಡೋಸ್‌ನಲ್ಲಿ ಹುಟ್ಟಿದ್ದು, 12 ಬೈಟು. ಎರಡನೆಯದು ಮ್ಯಾಕ್‌ನಿಂದ ಬಂದದ್ದು, 15 ಬೈಟು. ಸ, ಡ, ಸೊನ್ನೆ ಎರಡರಲ್ಲೂ ಒಂದೇ. ನಡುವಿನ ಏತ್ವ ಮಾತ್ರ ಒಡೆದಿದೆ.

ಯಾವ ವ್ಯವಸ್ಥೆ ಏನು ಮಾಡುತ್ತದೆ ಎಂಬುದು ತಿಳಿದರೆ ಜೋಡಿ ಹುಟ್ಟುವ ಬಗೆ ಸ್ಪಷ್ಟವಾಗುತ್ತದೆ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಪ್ರತಿ ಹೆಸರನ್ನೂ ಬಿಡಿಸಿಯೇ ಬರೆದಿಡುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನು ಹಾಗೇ ಇಟ್ಟುಕೊಳ್ಳುತ್ತದೆ, ಆದರೆ ಹುಡುಕುವಾಗ ಎರಡನ್ನೂ ಒಂದೇ ಹೆಸರೆಂದು ಎಣಿಸುತ್ತದೆ. ಜೊತೆಗೆ ಮ್ಯಾಕ್‌ನ ಎಷ್ಟೋ ಪ್ರೋಗ್ರಾಮುಗಳು ಹಳೆಯ ರೂಢಿಯಂತೆ ಇಂದಿಗೂ ಬಿಡಿಸಿದ ಹೆಸರನ್ನೇ ಕಳಿಸುತ್ತವೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಸಾಮಾನ್ಯ ಎಕ್ಸ್‌ಟಿ4 ಹೆಸರನ್ನು ಸಂಕೇತಗಳ ಸಾಲಾಗಿ ಮಾತ್ರ ನೋಡುತ್ತವೆ. ಸಾಲು ಬೇರೆಯಾದರೆ ಹೆಸರು ಬೇರೆ. ಮ್ಯಾಕ್‌ನಿಂದ ಒಡೆದ ಸೇಡಂ ಮೇಲೇರಿದಾಗ ಲಿನಕ್ಸ್‌ಗೆ ಅದು ಹೊಸ ಫೋಲ್ಡರು, ಅದನ್ನು ವಿಂಡೋಸ್‌ಗೆ ಇಳಿಸಿದಾಗ ಅಲ್ಲಿಯೂ ಹೊಸದು. ಎರಡೂ ತಿರುಗಿ ಮ್ಯಾಕ್‌ಗೆ ಹೋದರೆ ಅಲ್ಲಿ ಒಂದಕ್ಕಷ್ಟೇ ಜಾಗ. ಆಗ ಸಿಂಕ್ ತಂತ್ರಾಂಶ ಒಂದಕ್ಕೆ ಬೇರೆ ಹೆಸರು ಕೊಡಬಹುದು, ಇಲ್ಲವೇ ಒಂದರ ಮೇಲೆ ಇನ್ನೊಂದನ್ನು ಬರೆದುಬಿಡಬಹುದು. ಹುಡುಗನಿಗೆ ಡಿಲೀಟ್ ಬೇಡ ಎಂದದ್ದು ಈ ಕಾರಣಕ್ಕೆ. ಎರಡು ಸೇಡಂಗಳಲ್ಲಿ ಒಂದೊಂದರಲ್ಲಿ ಅರ್ಧರ್ಧ ಹೊಸ ಕೆಲಸ ಇರುತ್ತದೆ, ಒಂದನ್ನು ಅಳಿಸಿದರೆ ಆ ಅಳಿಸುವಿಕೆಯೂ ಎಲ್ಲ ಯಂತ್ರಗಳಿಗೆ ಸಿಂಕ್ ಆಗುತ್ತದೆ.

ರಿಪೇರಿ ಮಾಡಿದ್ದು ಲಿನಕ್ಸ್ ಯಂತ್ರದಲ್ಲಿ. ಎರಡೂ ರೂಪ ಅಕ್ಕಪಕ್ಕ ಇರಲು ಬಿಡುವ ಕಡೆಯೇ ಈ ಕೆಲಸ ಮಾಡಬೇಕು, ಮ್ಯಾಕ್‌ನಲ್ಲಿ ಜೋಡಿ ಕಣ್ಣಿಗೇ ಬೀಳುವುದಿಲ್ಲ. ಸಿಂಕ್ ನಿಲ್ಲಿಸಿ, ಇಡೀ ಸಂಗ್ರಹದ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದೆ. ಆಮೇಲೆ ಒಳಗಿನ ಮಟ್ಟಗಳಲ್ಲಿ ಎಲ್ಲೆಲ್ಲಿ ಜೋಡಿಗಳಿವೆ ಎಂದು ಪೈಥಾನ್‌ನಲ್ಲಿ ಹುಡುಕಿದೆ:

```
import os, unicodedata as u
for d, ds, fs in os.walk('.'):
    seen = {}
    for n in ds + fs:
        k = u.normalize('NFC', n)
        if k in seen:
            print(d, ascii(seen[k]), ascii(n))
        seen[k] = n
```

ಇದು ಪ್ರತಿ ಹೆಸರನ್ನೂ ಮನಸ್ಸಿನಲ್ಲೇ ಕೂಡಿಸಿ ನೋಡಿ, ಕೂಡಿಸಿದ ಮೇಲೆ ಒಂದೇ ಆಗುವ ಎರಡನ್ನು ಹಿಡಿಯುತ್ತದೆ. ಯಾವ ಫೈಲನ್ನೂ ಬದಲಿಸುವುದಿಲ್ಲ. ಹೆಸರನ್ನು ಅಕ್ಷರದ ಬದಲು ಸಂಕೇತವಾಗಿ ಮುದ್ರಿಸುವುದರಿಂದ ಯಾವುದು ಒಡೆದದ್ದು ಎಂದು ಓದಿ ತಿಳಿಯಬಹುದು: `\u0cc7` ಇದ್ದರೆ ಕೂಡಿಸಿದ ಏತ್ವ, `\u0cc6\u0cd5` ಇದ್ದರೆ ಬಿಡಿಸಿದ್ದು.

ಜೋಡಿಯಲ್ಲಿ ಒಂದನ್ನು ಆರಿಸಿ ಹೆಸರು ಬದಲಿಸುವುದು ಇಲ್ಲಿನ ಕಷ್ಟದ ಹೆಜ್ಜೆ. ಕೀಲಿಮಣೆಯಲ್ಲಿ ಸೇಡಂ ಎಂದು ಹೊಡೆದರೆ ಅದು ಕೂಡಿಸಿದ ರೂಪಕ್ಕೆ ಮಾತ್ರ ತಾಗುತ್ತದೆ, ಒಡೆದದ್ದು ಕೈಗೆ ಸಿಗುವುದೇ ಇಲ್ಲ. ಅದಕ್ಕೆ ಹೆಸರನ್ನು ಬಿಟ್ಟು ಐನೋಡ್ ಸಂಖ್ಯೆ ಹಿಡಿದೆ. ಡಿಸ್ಕಿನಲ್ಲಿ ಪ್ರತಿ ಫೈಲು, ಫೋಲ್ಡರಿಗೂ ಇರುವ ಸಂಖ್ಯೆ ಅದು. ಮೊದಲ ಆಜ್ಞೆ ಸಂಖ್ಯೆ ತೋರಿಸುತ್ತದೆ, ಎರಡನೆಯದು ಆ ಸಂಖ್ಯೆಯ ಫೋಲ್ಡರಿಗೆ ತಾತ್ಕಾಲಿಕ ಹೆಸರು ಕೊಡುತ್ತದೆ. ಇಲ್ಲಿರುವ ಸಂಖ್ಯೆ ಉದಾಹರಣೆಗಷ್ಟೇ.

```
ls -i
find . -maxdepth 1 -inum 48213 -exec mv {} sedam_mac \;
diff -rq ಸೇಡಂ sedam_mac
```

ಮೂರನೆಯ ಆಜ್ಞೆ ಎರಡರ ಒಳಗೆ ಏನು ಬೇರೆ, ಯಾವುದು ಒಂದೇ ಕಡೆ ಇದೆ ಎಂದು ಪಟ್ಟಿ ಕೊಡುತ್ತದೆ. ಈ ಪಟ್ಟಿಯಲ್ಲೂ ಒಂದು ಎಚ್ಚರ ಬೇಕು: ಒಳಗಿನ ಫೈಲಿನ ಹೆಸರೂ ಒಡೆದಿದ್ದರೆ, ಒಂದೇ ಸ್ಕ್ಯಾನು ಎರಡು ಕಡೆಯೂ "ಇಲ್ಲಿ ಮಾತ್ರ ಇದೆ" ಎಂದು ಬರುತ್ತದೆ. ಹಾಗಾಗಿ ಹೋಲಿಸುವ ಮೊದಲು ತಾತ್ಕಾಲಿಕ ಫೋಲ್ಡರಿನ ಒಳಗಿನ ಹೆಸರುಗಳನ್ನು ಕೂಡಿಸಿಬಿಡಬೇಕು. ಅದಕ್ಕೆ `convmv` ಇದೆ:

```
convmv -r -f utf8 -t utf8 --nfc sedam_mac
convmv -r -f utf8 -t utf8 --nfc --notest sedam_mac
```

ಮೊದಲ ಸಲ ಏನು ಮಾಡುತ್ತೇನೆ ಎಂದು ಹೇಳುತ್ತದಷ್ಟೇ, `--notest` ಸೇರಿಸಿದಾಗಲೇ ನಿಜವಾಗಿ ಹೆಸರು ಬದಲಿಸುತ್ತದೆ. ಆ ಹೆಸರಿನ ಫೈಲು ಅಲ್ಲೇ ಇದ್ದರೆ ಅದರ ಮೇಲೆ ಬರೆಯದೆ ಬಿಟ್ಟು ಮುಂದೆ ಹೋಗುತ್ತದೆ. ಈ ಗುಣಕ್ಕಾಗಿಯೇ ನಾನು ಇದನ್ನು ನಂಬುತ್ತೇನೆ. ಸೇಡಂನಲ್ಲಿ ಹೀಗೆ ಮಾಡಿ ಹೋಲಿಸಿದಾಗ ಸ್ಕ್ಯಾನುಗಳೆಲ್ಲ ಎರಡೂ ಕಡೆ ಒಂದೇ ಇದ್ದವು. ಬೇರೆಯಾಗಿದ್ದದ್ದು ವಿನ್ಯಾಸದ ಫೈಲುಗಳು, ಹೊಸದೆಲ್ಲ ಮ್ಯಾಕ್ ಕಡೆಯದು. ಅವನ್ನು ತೆರೆದು ನೋಡಿ, ಒಂದೊಂದಾಗಿ ಮುಖ್ಯ ಫೋಲ್ಡರಿಗೆ ಸೇರಿಸಿದೆ. ತಾರೀಕು ನೋಡಿ ಹೊಸದನ್ನು ತಾನೇ ಆರಿಸಿಕೊಳ್ಳಲು ಯಂತ್ರಕ್ಕೆ ಬಿಡಲಿಲ್ಲ, ಏಕೆಂದರೆ ಸಿಂಕ್‌ನಲ್ಲಿ ತಾರೀಕೂ ಬದಲಾಗಿರುತ್ತದೆ. ಜೇವರ್ಗಿ, ಚಿಂಚೋಳಿಗೂ ಇದೇ ಕ್ರಮ.

ಮ್ಯಾಕ್ ಕೆಲಸ ಮುಂದುವರಿಯುವವರೆಗೆ ಒಡೆದ ಹೆಸರುಗಳು ಬರುತ್ತಲೇ ಇರುತ್ತವೆ, ಅವನ್ನು ಬಾಗಿಲಲ್ಲೇ ತಡೆಯಬೇಕು. ಲಿನಕ್ಸ್‌ನಲ್ಲಿ "ಆವಕ" ಎಂಬ ಫೋಲ್ಡರು ಮಾಡಿದ್ದೇನೆ. ಮ್ಯಾಕ್‌ನ ಕೆಲಸ ಮೊದಲು ಅಲ್ಲಿಗೆ ಬರಬೇಕು. ಒಂದು ಚಿಕ್ಕ ಸ್ಕ್ರಿಪ್ಟು ಅಲ್ಲಿನ ಹೆಸರುಗಳ ಮೇಲೆ `convmv` ಓಡಿಸಿ, ಕೂಡಿಸಿದ ಹೆಸರಾದ ಮೇಲೆಯೇ ಸಂಗ್ರಹಕ್ಕೆ ಸಾಗಿಸುತ್ತದೆ. ಅದೇ ಹೆಸರಿನ ಫೈಲು ಸಂಗ್ರಹದಲ್ಲಿದ್ದರೆ ಸಾಗಿಸದೆ ಆವಕದಲ್ಲೇ ಉಳಿಸುತ್ತದೆ, ಅದನ್ನು ನಾವು ನೋಡಿ ತೀರ್ಮಾನಿಸುತ್ತೇವೆ.

ಕೂಡಿಸುವುದರಿಂದ ಹೋಗದ ಜೋಡಿಯೂ ಒಂದಿದೆ. ಬೀದರ್ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವರು ಟೈಪ್ ಮಾಡುವಾಗ, ಅಥವಾ ಬೇರೆಡೆಯಿಂದ ನಕಲು ಮಾಡುವಾಗ, ಕಾಣದ ಒಂದು ಸಂಕೇತ ಸೇರಿಬಿಡುತ್ತದೆ. ಒತ್ತಕ್ಷರವಾಗದಂತೆ ತಡೆಯುವ ಸಂಕೇತ ಅದು. ಹೆಸರನ್ನು ಪೈಥಾನ್‌ನ `ascii` ಮೂಲಕ ಮುದ್ರಿಸಿದರೆ ಅದು `\u200c` ಎಂದು ಕಾಣುತ್ತದೆ. ಯೂನಿಕೋಡ್ ನಿಯಮದ ಪ್ರಕಾರ ಇದಿರುವ ಹೆಸರು ನಿಜಕ್ಕೂ ಬೇರೆ ಹೆಸರು, ಆದ್ದರಿಂದ `convmv` ಅದನ್ನು ಮುಟ್ಟುವುದಿಲ್ಲ, ನನ್ನ ಹುಡುಕಾಟದ ಪ್ರೋಗ್ರಾಮೂ ಜೋಡಿ ಎನ್ನುವುದಿಲ್ಲ. ಪದದ ಕೊನೆಯಲ್ಲಿದ್ದರೆ ತೆಗೆದುಹಾಕುತ್ತೇವೆ. ನಡುವೆ ಇದ್ದರೆ ಬಿಡುತ್ತೇವೆ, ತೆಗೆದರೆ ಅಕ್ಷರ ಒತ್ತಾಗಿ ಹೆಸರಿನ ರೂಪವೇ ಬದಲಾಗುತ್ತದೆ. ಬೀದರಿನ ಉರ್ದು ಫೈಲುಗಳಲ್ಲೂ ಎರಡೂ ಬಗೆ ಇವೆ: ಮದ್ ಇರುವ ಅಲಿಫ್ ಏತ್ವದಂತೆ ಒಡೆಯುತ್ತದೆ, `convmv` ಅದನ್ನು ಕೂಡಿಸುತ್ತದೆ. ಉರ್ದುವಿನ ಯೆ ಬದಲು ಅರಬ್ಬಿಯ ಯೆ ಬಂದಿದ್ದರೆ ಅದು ಬೇರೆಯೇ ಅಕ್ಷರ, ಕೈಯಿಂದಲೇ ತಿದ್ದಬೇಕು.

ಉದ್ದ ಹೆಸರಿನವರಿಗೆ ಇನ್ನೊಂದು ತೊಡಕು. ಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಅಂದರೆ 85 ಸಂಕೇತ. ಎನ್‌ಟಿಎಫ್‌ಎಸ್‌ನಲ್ಲಿ 255 ಸಂಕೇತಗಳೂ ಹಿಡಿಯುತ್ತವೆ. ಒಡೆದರೆ ಚಿಂಚೋಳಿ 21 ಬೈಟಿನಿಂದ 27ಕ್ಕೆ ಏರುತ್ತದೆ. ಶಾಸನದ ಪೂರ್ತಿ ವಿವರವನ್ನು ಹೆಸರಿನಲ್ಲೇ ಬರೆದಿದ್ದ ಫೈಲು ವಿಂಡೋಸ್‌ನಲ್ಲಿ ಚೆನ್ನಾಗಿದ್ದು ಲಿನಕ್ಸ್‌ಗೆ ಬರದೆ ನಿಂತರೆ ಕಾರಣ ಇದು.

ಹೆಸರು ಜೋಡಿಯಾಗದೆ ಪೂರ್ತಿ ವಿಕಾರವಾಗಿ ಕಂಡರೆ ಅದರ ಕಾರಣ ಬೇರೆ. ಜಿಪ್ ಬಿಚ್ಚಿದ ಮೇಲೆ ಸೇ ಎಂಬ ಅಕ್ಷರ ಹೀಗೆ ಬಂದರೆ:

```
α▓╕α│ç
```

ಜಿಪ್ ಒಳಗೆ "ಹೆಸರು ಯುಟಿಎಫ್-8ರಲ್ಲಿದೆ" ಎಂಬ ಗುರುತು ಇಲ್ಲದೆ, ಬಿಚ್ಚಿದ ಪ್ರೋಗ್ರಾಮು ಅದನ್ನು ಹಳೆಯ ಡಾಸ್ ಅಕ್ಷರಪಟ್ಟಿಯಲ್ಲಿ ಓದಿದೆ ಎಂದರ್ಥ. ಜಿಪ್‌ನಲ್ಲಿ ಬೈಟುಗಳು ಸರಿಯಾಗಿಯೇ ಇರುತ್ತವೆ. ವಿಕಾರ ಹೆಸರುಗಳನ್ನು ಒಂದೊಂದಾಗಿ ತಿದ್ದುತ್ತ ಕೂರದೆ, ಯುಟಿಎಫ್-8 ಎಂದು ಆರಿಸಲು ಬಿಡುವ ಪ್ರೋಗ್ರಾಮಿನಿಂದ ಮೂಲ ಜಿಪ್ಪನ್ನು ಮತ್ತೆ ಬಿಚ್ಚಿ, ಆ ಫೋಲ್ಡರನ್ನು ಆವಕಕ್ಕೆ ಹಾಕಿದರೆ ಸಾಕು. ಜಿಪ್ ಮ್ಯಾಕ್‌ನಲ್ಲಿ ಕಟ್ಟಿದ್ದಾದರೆ ಒಳಗಿನ ಹೆಸರುಗಳು ಒಡೆದಿರುವ ಸಾಧ್ಯತೆಯೂ ಇದೆ, ಅದನ್ನು ಅಲ್ಲಿನ ಸ್ಕ್ರಿಪ್ಟೇ ಕೂಡಿಸುತ್ತದೆ.